ಐದು ಜನರ ಸಂಘದಲ್ಲಿ ಎಷ್ಟು ಜನ ಎಡವಬಹುದು?

ದಾವಣಗೆರೆಯಲ್ಲಿ ನಮ್ಮ ಅತ್ತೆ ಮನೆ ಇರುವ ಓಣಿಯಲ್ಲಿ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಸಂಘದ ಮೀಟಿಂಗ್ ಸೇರುತ್ತದೆ. ಒಬ್ಬರ ಮನೆ ಕಟ್ಟೆ ಮೇಲೆ ಚಾಪೆ ಹಾಸುತ್ತಾರೆ. ಹೆಂಗಸರು ಕೈಯಲ್ಲಿ ಸಾಲದ ಕಾರ್ಡು, ಮಡಚಿದ ನೋಟು ಹಿಡಿದು ಬಂದು ಕೂರುತ್ತಾರೆ. ಬೈಕಲ್ಲಿ ಬಂದ ಹುಡುಗ ಟ್ಯಾಬ್ ನೋಡಿ ಹೆಸರು ಕರೆಯುತ್ತಾನೆ. ಕಂತು ತಲಾ 500 ರೂಪಾಯಿ.

ಹೋದ ಮಳೆಗಾಲದಲ್ಲಿ ಒಂದು ಗುರುವಾರ ನಾನೂ ಅಲ್ಲೇ ಇದ್ದೆ. ಒಬ್ಬರು ಈ ವಾರ ದುಡ್ಡಿಲ್ಲ ಅಂದರು. ಹುಡುಗ ಟ್ಯಾಬ್ ನೋಡಿದ, ಅವರ ಮುಖ ನೋಡಿದ. ನಿಜವೋ ಸುಳ್ಳೋ ತಿಳಿಯುವ ದಾರಿ ಅವನಿಗೆ ಇರಲಿಲ್ಲ. ಪಕ್ಕದಲ್ಲಿ ಕೂತವರು ಕೇಳಿದರು: “ಏನಕ್ಕ, ಮೊನ್ನೆ ಡೇರಿ ಬಟವಾಡೆ ಆತಲ್ಲ?”

“ಆತವ್ವ. ಹಸು ನೆಲ ಹಿಡಿದು ಐದು ದಿನ ಆತು. ಎಲ್ಲಾ ಡಾಕ್ಟ್ರಿಗೆ, ಬಾಟ್ಲಿಗೆ ಹೋತು.”

ಮೂರನೆಯವರು ಹುಡುಗನ ಕಡೆ ತಿರುಗಿದರು. “ಹೌದು ಸರ್, ನಾನೇ ನೋಡೀನಿ. ಎದ್ದು ನಿಂತಿಲ್ಲ ಅದು.” ಆಮೇಲೆ ಜಾಸ್ತಿ ಮಾತಾಗಲಿಲ್ಲ. ಉಳಿದ ನಾಲ್ವರು ತಲಾ 125 ರೂಪಾಯಿ ಹಾಕಿದರು. ಕಂತು ತುಂಬಿತು.

ಅದೇ ಕಟ್ಟೆಯಲ್ಲಿ ಇನ್ನೊಂದು ವಾರ ಬೇರೊಬ್ಬರು ಇದೇ ಮಾತು ಹೇಳಿದರಂತೆ. ಅದನ್ನು ನನಗೆ ಹೇಳಿದ್ದು ಅತ್ತೆ. ಆಗ ಎದುರು ಮನೆಯವರು, “ನಿನ್ನೆ ನಿಮ್ಮನೆ ಮುಂದೆ ಹೊಸ ಟಿವಿ ಇಳೀತಲ್ಲಕ್ಕ” ಅಂದರಂತೆ. ಅವರು ಎದ್ದು ಒಳಗೆ ಹೋಗಿ ದುಡ್ಡು ತಂದುಕೊಟ್ಟರಂತೆ.

ಈ ಎರಡು ಗುರುವಾರಗಳ ನಡುವಿನ ವ್ಯತ್ಯಾಸದಲ್ಲೇ ಗುಂಪು ಸಾಲದ ಇಡೀ ಲೆಕ್ಕ ಅಡಗಿದೆ. ಎರಡು ಸಲವೂ ಸಾಲ ಕೊಟ್ಟವರಿಗೆ ಕೇಳಿಸಿದ್ದು ಒಂದೇ ಮಾತು, “ದುಡ್ಡಿಲ್ಲ”. ಒಂದು ಸಲ ಅದು ಕಷ್ಟ, ಇನ್ನೊಂದು ಸಲ ನೆಪ. ಬ್ಯಾಂಕಿಗೆ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಪಕ್ಕದ ಮನೆಯವರಿಗೆ ಆಗುತ್ತದೆ.

ಬ್ಯಾಂಕಿನ ಭಾಷೆಯಲ್ಲಿ ಇದು ಜಂಟಿ ಬಾಧ್ಯತಾ ಗುಂಪು, ಚಿಕ್ಕದಾಗಿ ಜೆಎಲ್‌ಜಿ. ನಬಾರ್ಡ್ ಯೋಜನೆಯಲ್ಲಿ ಇಂಥ ಗುಂಪಿಗೆ 4ರಿಂದ 10 ಜನ. ಮೈಕ್ರೋಫೈನಾನ್ಸ್ ಕಂಪನಿಗಳಲ್ಲೂ ಐದಾರು ಜನರ ಗುಂಪೇ ಜಾಸ್ತಿ. ನಮ್ಮ ಕಡೆ ಇದನ್ನೂ ಸಂಘ ಅಂತಾರೆ, ಸ್ತ್ರೀಶಕ್ತಿ ಸ್ವಸಹಾಯ ಗುಂಪನ್ನೂ ಸಂಘ ಅಂತಾರೆ. ಆದರೆ ಎರಡೂ ಬೇರೆ. ಸ್ವಸಹಾಯ ಸಂಘದಲ್ಲಿ ಮೊದಲು ಉಳಿತಾಯ ಮಾಡುತ್ತಾರೆ, ಸಾಲ ಸಂಘದ ಹೆಸರಿಗೆ ಬರುತ್ತದೆ. ಜೆಎಲ್‌ಜಿಯಲ್ಲಿ ಸಾಮಾನ್ಯವಾಗಿ ಸಾಲ ಒಬ್ಬೊಬ್ಬರ ಹೆಸರಿಗೇ ಬರುತ್ತದೆ, ಹೊಣೆ ಮಾತ್ರ ಎಲ್ಲರದು. ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಇಲ್ಲದಿದ್ದರೆ ಯಾರಿಗೂ ಮುಂದಿನ ಸಾಲ ಇಲ್ಲ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಶುರು ಮಾಡಿದ ಪ್ರಯೋಗದಿಂದ ಬೆಳೆದ ಗ್ರಾಮೀಣ ಬ್ಯಾಂಕ್ ಈ ಪದ್ಧತಿಗೆ ಹೆಸರು ತಂದಿತು. ಅಲ್ಲೂ ಐದೈದು ಜನರ ಗುಂಪು.

ಜನ ಸಾಮಾನ್ಯವಾಗಿ ಏನಂದುಕೊಳ್ಳುತ್ತಾರೆ ಅಂದರೆ, ಹೊಣೆ ಹಂಚಿದ್ದಕ್ಕೇ ಸಾಲ ವಾಪಸ್ ಬರುತ್ತದೆ. ನನಗೂ ಬಹಳ ದಿನ ಹಾಗೇ ಅನಿಸಿತ್ತು. ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಗೊತ್ತಾಗಿದ್ದು ಬೇರೆಯೇ. ಹೊಣೆ ಹಂಚುವುದರಿಂದ ಮಾತ್ರ ಬಾಕಿ ಕಮ್ಮಿಯಾಗುವುದಿಲ್ಲ, ಕೆಲವು ಸಲ ಜಾಸ್ತಿಯೂ ಆಗುತ್ತದೆ. ಒಂದು ಸಣ್ಣ ಆಟ ಕಟ್ಟಿ ನೋಡೋಣ. ಇದರ ಮೂಲ ವಿಚಾರ ಬೆಸ್ಲಿ ಮತ್ತು ಕೋಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1995ರಲ್ಲಿ ಮುಂದಿಟ್ಟಿದ್ದು. ಅಂಕಿಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡವು.

ಐದು ಜನರ ಗುಂಪು. ಒಬ್ಬರದು ಹಸು, ಒಬ್ಬರದು ಮಂಡಕ್ಕಿ ವ್ಯಾಪಾರ, ಒಬ್ಬರದು ಹೊಲಿಗೆ, ಒಬ್ಬರದು ತರಕಾರಿ ಗಾಡಿ, ಒಬ್ಬರದು ಮೆಕ್ಕೆಜೋಳದ ಹೊಲ. ಸಾಲ ಕೊನೇ ಹಂತಕ್ಕೆ ಬಂದಿದೆ, ಒಬ್ಬೊಬ್ಬರದೂ 10,000 ರೂಪಾಯಿ ಬಾಕಿ. ಸುಲಭವಾಗಲಿ ಅಂತ ಅದನ್ನು ಒಂದೇ ಸಲ ಕಟ್ಟಬೇಕು ಅಂದುಕೊಳ್ಳೋಣ. ಎಲ್ಲರದೂ ಚುಕ್ತಾ ಆದರೆ ಎಲ್ಲರಿಗೂ ಹೊಸದಾಗಿ 40,000 ಸಾಲ ಸಿಗುತ್ತದೆ.

ಆ ಹೊಸ ಸಾಲದ ಬೆಲೆ ಆ ಹೆಂಗಸಿಗೆ ಎಷ್ಟು? ಅದು ಸಿಗದಿದ್ದರೆ ಕೈಸಾಲಕ್ಕೆ ಹೋಗಬೇಕು. ಅಲ್ಲಿ ಐದು ರೂಪಾಯಿ ಬಡ್ಡಿ, ಅಂದರೆ ನೂರಕ್ಕೆ ತಿಂಗಳಿಗೆ ಐದು. ಕಂಪನಿ ಬಡ್ಡಿ ಅದೇ ಲೆಕ್ಕದಲ್ಲಿ ಎರಡು ರೂಪಾಯಿ ಆಸುಪಾಸು. ನಲವತ್ತು ಸಾವಿರಕ್ಕೆ ತಿಂಗಳಿಗೆ 1,200 ಉಳಿತಾಯ. ವರ್ಷಕ್ಕೆ, ಕೈಸಾಲದವರ ಮನೆ ಬಾಗಿಲಲ್ಲಿ ನಿಲ್ಲುವ ಗೋಳನ್ನೂ ಸೇರಿಸಿ, 15,000 ಅಂತ ಇಟ್ಟುಕೊಳ್ಳೋಣ. ಈ 15,000 ಅನ್ನುವ ಅಂಕಿಯೇ ಆಟದ ಗೂಟ. ಮುಂದೆ ಎಲ್ಲವೂ ಇದರ ಸುತ್ತಲೇ ತಿರುಗುತ್ತದೆ.

ಎಲ್ಲರ ಕೈಯಲ್ಲೂ ದುಡ್ಡಿದ್ದರೆ ಯೋಚನೆಯೇ ಇಲ್ಲ. ಹತ್ತು ಸಾವಿರ ಕೊಟ್ಟು ಹದಿನೈದು ಸಾವಿರದ ಲಾಭ ಪಡೆಯುತ್ತಾರೆ. ಈಗ ಹಸು ಸಾಕಿದವರ ಹಸು ಸತ್ತಿತು, ಅವರ ಕೈ ಖಾಲಿ ಅಂದುಕೊಳ್ಳಿ. ಉಳಿದ ನಾಲ್ವರು ಅವರ ಹತ್ತು ಸಾವಿರವನ್ನು ಹಂಚಿಕೊಂಡರೆ ತಲಾ 2,500. ತಮ್ಮದೂ ಸೇರಿ 12,500. ಸಿಗುವುದು 15,000. ಇನ್ನೂ ಲಾಭವೇ ಇದೆ, ಕಟ್ಟುತ್ತಾರೆ. ಹಸು ಕಳೆದುಕೊಂಡವರು ಉಳಿದುಕೊಂಡರು, ಕಂಪನಿಗೂ ನಷ್ಟ ಇಲ್ಲ. ಇದು ಒಂದು ಥರ ಓಣಿಯೊಳಗಿನ ವಿಮೆ.

ಇಬ್ಬರು ಎಡವಿದರೆ? ಉಳಿದ ಮೂವರ ಮೇಲೆ 20,000 ಬೀಳುತ್ತದೆ. ತಲಾ 6,667. ತಮ್ಮದೂ ಸೇರಿ 16,667. ಸಿಗುವುದು ಮಾತ್ರ ಅದೇ 15,000. ಈಗ ಕಟ್ಟುವುದಕ್ಕಿಂತ ಕಟ್ಟದಿರುವುದೇ ಲೇಸು. ಗಮನಿಸಿ, ಈ ಮೂವರಿಗೆ ತಮ್ಮ ಪಾಲನ್ನು ಕಟ್ಟುವ ಶಕ್ತಿಯೂ ಇತ್ತು, ಮನಸ್ಸೂ ಇತ್ತು. ಒಬ್ಬೊಬ್ಬರಿಗೇ ಬೇರೆ ಬೇರೆ ಸಾಲ ಕೊಟ್ಟಿದ್ದರೆ ಮೂವರೂ ಕಟ್ಟುತ್ತಿದ್ದರು. ಗುಂಪಿನಲ್ಲಿ ಇದ್ದಿದ್ದಕ್ಕೇ ಅವರೂ ಕೈಚೆಲ್ಲಿದರು. ಐದೂ ಸಾಲ ಮುಳುಗಿದವು.

ಹಾಗಾಗಿ ಈ ಗುಂಪು ಒಬ್ಬರ ಭಾರ ಹೊರುತ್ತದೆ, ಇಬ್ಬರದು ಹೊರುವುದಿಲ್ಲ. ನಡುವೆ ಮೆಟ್ಟಿಲಿಲ್ಲ, ನೇರ ಪ್ರಪಾತ. ಗುಂಪು ಸಾಲ ವರ್ಷಗಟ್ಟಲೆ ನೂರಕ್ಕೆ ನೂರರ ಹತ್ತಿರ ವಸೂಲಾಗಿ, ಒಂದು ದಿನ ಇದ್ದಕ್ಕಿದ್ದಂತೆ ಇಡೀ ಓಣಿ ನಿಂತುಹೋಗುವುದು ಯಾಕೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಇಲ್ಲಿ ಇನ್ನೊಂದು ತೊಡಕಿದೆ. ಅದೇ ನನಗೆ ಜಾಸ್ತಿ ಮುಖ್ಯ ಅನಿಸುವುದು. ಒಬ್ಬರು ಕಟ್ಟದಿದ್ದರೆ ಉಳಿದವರು ತುಂಬುತ್ತಾರೆ ಅಂತ ಗೊತ್ತಾದ ಮೇಲೆ, ಆ ಒಬ್ಬರು ನಾನೇ ಯಾಕಾಗಬಾರದು? ನನ್ನ ಕೈಯಲ್ಲಿ ಹತ್ತು ಸಾವಿರ ಇದೆ ಅಂದುಕೊಳ್ಳಿ. ಪ್ರಾಮಾಣಿಕವಾಗಿ ಕಟ್ಟಿದರೆ ಕೈ ಖಾಲಿ, ಹೊಸ ಸಾಲದ 15,000 ಮಾತ್ರ ನನ್ನದು. “ಇಲ್ಲ” ಅಂತ ಸುಳ್ಳು ಹೇಳಿದರೆ ಹತ್ತು ಸಾವಿರವೂ ನನ್ನದೇ, ಉಳಿದವರು ತುಂಬಿದ್ದರಿಂದ ಹೊಸ ಸಾಲವೂ ನನ್ನದೇ. ಒಟ್ಟು 25,000. ಇದೇ ಯೋಚನೆ ಇನ್ನೊಬ್ಬರಿಗೂ ಬಂದರೆ ಇಬ್ಬರಾದರು. ಇಬ್ಬರಾದರೆ ಪ್ರಪಾತ.

ಅಂದರೆ ಹೊಣೆಯನ್ನು ಹಂಚಿದ ಕೂಡಲೇ ಸುಳ್ಳಿಗೆ ಆಸೆ ಹುಟ್ಟುತ್ತದೆ. ಒಬ್ಬೊಬ್ಬರಿಗೇ ಕೊಟ್ಟ ಸಾಲದಲ್ಲಿ ಈ ಆಸೆಗೆ ಜಾಗವೇ ಇರಲಿಲ್ಲ. ಇದನ್ನು ತಡೆಯುವುದು ಒಂದೇ, ಪಕ್ಕದವರ ಕಣ್ಣು. ಉಳಿದ ನಾಲ್ವರಿಗೆ ನಿಜ ಗೊತ್ತಿದ್ದರೆ, ಹಸು ಸತ್ತವರಿಗೆ ತುಂಬುತ್ತಾರೆ, ಟಿವಿ ತಂದವರಿಗೆ ತುಂಬುವುದಿಲ್ಲ.

ಎಷ್ಟು ಸಲ ಸಿಕ್ಕಿಬಿದ್ದರೆ ಸುಳ್ಳು ನಿಲ್ಲುತ್ತದೆ? ಸಿಕ್ಕಿಬಿದ್ದವರನ್ನು ಗುಂಪಿನಿಂದ ಬಿಡುತ್ತಾರೆ ಅಂದುಕೊಳ್ಳಿ. ಹತ್ತು ಸಾವಿರ ಕೈಯಲ್ಲೇ ಉಳಿಯುತ್ತದೆ, ಹೊಸ ಸಾಲ ಹೋಯಿತು. ಜೊತೆಗೆ ಓಣಿಯಲ್ಲಿ ಮುಖ ಹೋಯಿತು. ಆ ಮುಖಕ್ಕೂ ಒಂದು ಬೆಲೆ ಇದೆ. ತಿಂಗಳ ಕೊನೆಗೆ ಎರಡು ಸೇರು ಅಕ್ಕಿ ಕೈಗಡ ಕೊಡುವವರು, ಆಸ್ಪತ್ರೆಗೆ ಹೋದಾಗ ಮಗು ನೋಡಿಕೊಳ್ಳುವವರು, ಚೀಟಿಗೆ ಸೇರಿಸಿಕೊಳ್ಳುವವರು, ಮದುವೆಗೆ ಸರ ಕೊಡುವವರು ಇವರೇ ತಾನೆ. ಅದಕ್ಕೆ 5,000 ಕಳೆಯೋಣ. ಸಿಕ್ಕಿಬಿದ್ದರೆ ಉಳಿಯುವುದು 5,000. ಸಿಕ್ಕಿಬೀಳದಿದ್ದರೆ 25,000. ಪ್ರಾಮಾಣಿಕರಿಗೆ 15,000, ಸರಿಯಾಗಿ ಇವೆರಡರ ನಡುವೆ. ಹಾಗಾಗಿ ಎರಡಕ್ಕೆ ಒಂದು ಸಲಕ್ಕಿಂತ ಜಾಸ್ತಿ ಸಿಕ್ಕಿಬೀಳುವ ಸಾಧ್ಯತೆ ಇದ್ದರೆ ಸುಳ್ಳು ಹೇಳುವುದು ನಷ್ಟದ ಬಾಬತ್ತು.

ಬೈಕಲ್ಲಿ ವಾರಕ್ಕೊಮ್ಮೆ ಬರುವ ಹುಡುಗ ಹತ್ತಕ್ಕೆ ಒಂದು ಸುಳ್ಳು ಹಿಡಿದರೆ ದೊಡ್ಡದು. ಪಕ್ಕದ ಮನೆಯವರು ಹತ್ತಕ್ಕೆ ಒಂಬತ್ತು ಹಿಡಿಯುತ್ತಾರೆ. ಇದಕ್ಕಾಗಿ ಅವರು ಪತ್ತೇದಾರಿಕೆ ಮಾಡಬೇಕಾಗಿಲ್ಲ. ಡೇರಿ ಬಟವಾಡೆ ಯಾವ ದಿನ ಅಂತ ಹಾಲು ಹಾಕುವ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಕ್ಯಾನಿನಲ್ಲಿ ಎಷ್ಟು ಹಾಲು ಹೋಯಿತು ಅಂತ ಕಣ್ಣಿಗೇ ಕಾಣುತ್ತದೆ. ಮಂಡಕ್ಕಿ ಭಟ್ಟಿಯಿಂದ ಎಷ್ಟು ಚೀಲ ಬಂತು, ಸಂಜೆಗೆ ಎಷ್ಟು ಉಳೀತು, ಹೊಲಿಗೆ ಮಿಷಿನ್ ರಾತ್ರಿ ಎಷ್ಟು ಹೊತ್ತಿನವರೆಗೆ ಓಡಿತು, ಇದೆಲ್ಲ ಗೋಡೆ ಆಚೆಗೆ ತಾನಾಗಿ ತಿಳಿಯುವ ಸುದ್ದಿ. ಕಂಪನಿಯೊಂದು ಇದನ್ನೆಲ್ಲ ತಿಳಿಯಲು ಹೊರಟರೆ ಸಾಲಕ್ಕಿಂತ ಖರ್ಚೇ ಜಾಸ್ತಿಯಾಗುತ್ತದೆ.

ಈ ಸುದ್ದಿ ಮೊದಲಿನಿಂದಲೂ ಓಣಿಯಲ್ಲಿ ಇತ್ತು ಅಲ್ವಾ? ಹಾಗಾದರೆ ಗುಂಪು ಸಾಲ ಹೊಸದಾಗಿ ಮಾಡಿದ್ದೇನು? ತಿಳಿದವರಿಗೆ ಬಾಯಿಬಿಡುವ ಕಾರಣ ಕೊಟ್ಟಿತು. ಒಂಟಿ ಸಾಲವಾಗಿದ್ದರೆ ಎದುರು ಮನೆಯವರು ಟಿವಿ ನೋಡಿಯೂ ಸುಮ್ನೆ ಇರುತ್ತಿದ್ದರು, ಯಾರ ಮನೆ ಉಸಾಬರಿ ಯಾಕೆ ಅಂತ. ಈಗ ಸುಮ್ಮನಿದ್ದರೆ ಅವರದೇ 2,500 ಹೋಗುತ್ತದೆ. ವಿಚಾರಿಸಿಕೊಂಡು ಬರಲು ಅರ್ಧ ದಿನದ ಕೂಲಿ, 300 ರೂಪಾಯಿ ಖರ್ಚು ಅಂದುಕೊಂಡರೂ, ಎಂಟರಲ್ಲಿ ಒಂದು ಸಲ ಸುಳ್ಳಿರಬಹುದು ಅನಿಸಿದರೆ ಸಾಕು, ಎದ್ದು ಹೋಗಿ ನೋಡಿ ಬರುವುದು ಲಾಭ.

ಗುಂಪು ಯಾಕೆ ಐದು ಜನರದು, ಇಪ್ಪತ್ತು ಜನರದು ಯಾಕಲ್ಲ ಅನ್ನುವುದಕ್ಕೂ ಇಲ್ಲೇ ಒಂದು ಕಾರಣ ಇದೆ. ಇಪ್ಪತ್ತು ಜನ ಇದ್ದರೆ ಒಬ್ಬರ ಬಾಕಿ ಹಂಚಿದಾಗ ತಲಾ 526 ರೂಪಾಯಿ. ಅಷ್ಟಕ್ಕೆ ಯಾರು ಹೋಗಿ ಜಗಳ ಕಾಯುತ್ತಾರೆ? ಇನ್ನೊಬ್ಬರು ಕೇಳಲಿ ಬಿಡು ಅಂತ ಎಲ್ಲರೂ ಕೂರುತ್ತಾರೆ. ಕೊನೆಗೆ ಯಾರೂ ಕೇಳುವುದಿಲ್ಲ.

ಪಕ್ಕದವರ ಕಣ್ಣು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದೂ ಕಂತಿನ ದಿನಕ್ಕಿಂತ ಬಹಳ ಮೊದಲು. ಹಸು ತರುತ್ತೇನೆ ಅಂತ ಸಾಲ ತೆಗೆದು, ದುಡ್ಡನ್ನು ಗಂಡನ ಹಳೇ ಬಾಕಿಗೋ ತಂಗಿ ಮದುವೆಗೋ ಹಾಕಿದರೆ, ಆರು ತಿಂಗಳ ನಂತರ ಹಾಲಿಲ್ಲ, ಬಟವಾಡೆ ಇಲ್ಲ, ಕಂತೂ ಇಲ್ಲ. ಅದು ಸುಳ್ಳಲ್ಲ, ನಿಜಕ್ಕೂ ಕೈ ಖಾಲಿ. ಆದರೆ ತಡೆಯಬಹುದಾಗಿದ್ದ ಖಾಲಿ. “ಹಸು ಎಲ್ಲಿ ಅಕ್ಕ, ಇನ್ನೂ ಬರಲಿಲ್ಲವಾ?” ಅಂತ ಎರಡನೇ ವಾರವೇ ಕೇಳುವವರಿದ್ದರೆ ಆ ದುಡ್ಡು ದಾರಿ ತಪ್ಪುವುದು ಕಮ್ಮಿ. ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ 1990ರಲ್ಲಿ ಗುಂಪು ಸಾಲದ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ಇದನ್ನೇ. ಸಾಲ ಪಡೆದವರು ಆ ದುಡ್ಡಿನಲ್ಲಿ ಎಂಥ ಕೆಲಸಕ್ಕೆ ಕೈ ಹಾಕುತ್ತಾರೆ ಅಂತ ಒಬ್ಬರ ಮೇಲೊಬ್ಬರು ಕಣ್ಣಿಡುತ್ತಾರೆ ಅಂತ.

ಇದರಿಂದ ಆಗುವ ಲಾಭ ಎಷ್ಟು ದೊಡ್ಡದು ಅಂತ ನಮ್ಮ ಐದು ಜನರ ಗುಂಪಿನಲ್ಲೇ ನೋಡಬಹುದು. ಒಬ್ಬೊಬ್ಬರೂ ನಿಜಕ್ಕೂ ಎಡವುವ ಸಾಧ್ಯತೆ ನೂರಕ್ಕೆ ಹತ್ತು ಅಂದುಕೊಳ್ಳಿ. ಒಬ್ಬರಿಗೆ ಬಂದ ಕಷ್ಟಕ್ಕೂ ಇನ್ನೊಬ್ಬರಿಗೆ ಬಂದ ಕಷ್ಟಕ್ಕೂ ಸಂಬಂಧ ಇಲ್ಲ ಅಂತಲೂ ಇಟ್ಟುಕೊಳ್ಳಿ. ಒಂಟಿ ಸಾಲದಲ್ಲಿ ನೂರಕ್ಕೆ ಹತ್ತು ಮುಳುಗುತ್ತದೆ. ಗುಂಪು ಮುಳುಗುವುದು ಇಬ್ಬರು ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಎಡವಿದಾಗ. ಆ ಸಾಧ್ಯತೆ ಲೆಕ್ಕ ಹಾಕಿದರೆ ನೂರಕ್ಕೆ ಎಂಟು. ಹತ್ತು ಎಂಟಾಯಿತು, ಅಷ್ಟೆ. ಇಷ್ಟಕ್ಕೆ ವಾರವಾರ ಚಾಪೆ ಹಾಸಬೇಕಾ ಅನಿಸಬಹುದು.

ಆದರೆ ಆ ಹತ್ತನ್ನು ಕಣ್ಣಿಟ್ಟು ಐದಕ್ಕೆ ಇಳಿಸಿದರೆ ಗುಂಪು ಮುಳುಗುವ ಸಾಧ್ಯತೆ ನೂರಕ್ಕೆ ಎರಡರ ಆಸುಪಾಸಿಗೆ ಬೀಳುತ್ತದೆ. ಕಷ್ಟ ಅರ್ಧವಾದರೆ ಬಾಕಿ ಕಾಲು ಭಾಗಕ್ಕೆ ಬಂತು. ತಿರುಗಿಸಿ ನೋಡಿ. ಎಡವುವ ಸಾಧ್ಯತೆ ನೂರಕ್ಕೆ ಇಪ್ಪತ್ತಾದರೆ ಗುಂಪು ಮುಳುಗುವ ಸಾಧ್ಯತೆ ಇಪ್ಪತ್ತಾರು. ಒಂಟಿ ಸಾಲಕ್ಕಿಂತ ಕೆಟ್ಟದು. ಕಷ್ಟ ಅಪರೂಪವಾಗಿದ್ದಲ್ಲಿ ಗುಂಪು ಕಾಪಾಡುತ್ತದೆ. ಕಷ್ಟ ಸಾಮಾನ್ಯವಾದಲ್ಲಿ ಅದೇ ಗುಂಪು ಕಟ್ಟಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ.

ಇದನ್ನು ನಮ್ಮ ಜಿಲ್ಲೆಯ ನೆಲದ ಮೇಲೆ ಇಟ್ಟು ನೋಡಿದರೆ ಇನ್ನೂ ಸ್ಪಷ್ಟ. ದಾವಣಗೆರೆ ಊರಿನ ಓಣಿಯಲ್ಲಿ ಹಸು, ಹೊಲಿಗೆ, ಮಂಡಕ್ಕಿ, ತರಕಾರಿ ಒಂದೇ ಗುಂಪಿನಲ್ಲಿ ಇರುತ್ತವೆ. ಹಸು ಕಾಯಿಲೆ ಬಿದ್ದ ವಾರವೇ ಹೊಲಿಗೆ ಮಿಷಿನ್ನೂ ಕೆಡಬೇಕು ಅಂತ ಏನಿಲ್ಲ. ಜಗಳೂರು ಕಡೆಯ ಹಳ್ಳಿಗೆ ಹೋಗಿ. ಮಳೆ ನಂಬಿದ ಹೊಲ, ಐದರಲ್ಲಿ ನಾಲ್ಕು ಮನೆಯದು ಮೆಕ್ಕೆಜೋಳ. ಐದನೆಯವರು ಅದೇ ಹೊಲಗಳಿಗೆ ಕೂಲಿಗೆ ಹೋಗುವವರು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಅಂಥ ವರ್ಷದಲ್ಲಿ ಕಷ್ಟ ಒಬ್ಬರ ಮನೆಗೆ ಬರುವುದಿಲ್ಲ, ಎಲ್ಲರ ಮನೆಗೂ ಒಂದೇ ದಿನ ಬರುತ್ತದೆ. ಯಾರು ಯಾರಿಗೆ ತುಂಬುವುದು? ಪಕ್ಕದವರ ಕಣ್ಣು ಎಷ್ಟೇ ಚುರುಕಾಗಿದ್ದರೂ ಮಳೆ ತರಿಸಲಾರದು.

ಇನ್ನು ಗೂಟದ ಕಡೆ ಬರೋಣ, ಆ 15,000. ಒಬ್ಬರ ಭಾರ ಹೊತ್ತರೆ 12,500 ಕೊಡಬೇಕು ಅಂದೆವಲ್ಲ. ಹೊಸ ಸಾಲದ ಬೆಲೆ 15,000ದಿಂದ 12,000ಕ್ಕೆ ಇಳಿಯಿತು ಅನ್ನಿ. ಈಗ ಒಬ್ಬರು ಎಡವಿದರೂ ಸಾಕು, ಗುಂಪು ಮುಳುಗಿತು. ಬೆಲೆ ಯಾಕೆ ಇಳಿಯುತ್ತದೆ? ಒಂದೇ ಓಣಿಗೆ ನಾಲ್ಕು ಕಂಪನಿ ಬಂದರೆ ಇಳಿಯುತ್ತದೆ. ಸೋಮವಾರದ ಸಂಘ ಬಿಟ್ಟರೆ ಬುಧವಾರದ ಸಂಘ ಇದೆ ಅನ್ನುವ ಧೈರ್ಯ ಬರುತ್ತದೆ. ಇನ್ನೊಂದು ಕಾರಣ ಇನ್ನೂ ಅಪಾಯದ್ದು. ಕಂಪನಿಯೇ ಮುಂದೆ ಸಾಲ ಕೊಡುವುದಿಲ್ಲ ಅನ್ನುವ ಗುಮಾನಿ. ಕಟ್ಟಿದವರಿಗೂ ಹೊಸ ಸಾಲ ಬರುವುದಿಲ್ಲ ಅಂದಮೇಲೆ ಕಟ್ಟುವುದು ಯಾಕೆ?

ಇಲ್ಲಿ ನಂಬಿಕೆ ದೊಡ್ಡ ಪಾತ್ರ ವಹಿಸುತ್ತದೆ. ಒಬ್ಬರು ಎಡವಿದಾಗ ಉಳಿದ ನಾಲ್ವರಲ್ಲಿ ಇನ್ನೊಬ್ಬರು ತಮ್ಮದನ್ನೂ ಕಟ್ಟದೆ ಕೈಚೆಲ್ಲಿದರೆ ಉಳಿದ ಮೂವರಿಗೂ ಲೆಕ್ಕ ಕೂಡುವುದಿಲ್ಲ. ಹಾಗಾಗಿ ಪ್ರತಿಯೊಬ್ಬರೂ ನೋಡುವುದು ಉಳಿದವರು ಏನು ಮಾಡುತ್ತಾರೆ ಅಂತ. ಕಂತನ್ನು ಮನೆಮನೆಗೆ ಹೋಗಿ ವಸೂಲು ಮಾಡದೆ ಎಲ್ಲರ ಎದುರು ಚಾಪೆ ಮೇಲೆ ಎಣಿಸುವುದರ ಗುಟ್ಟು ಇದು. ನೀವು ಕಟ್ಟಿದ್ದನ್ನು ನಾನು ನೋಡಿದೆ, ನಾನು ಕಟ್ಟಿದ್ದನ್ನು ನೀವು ನೋಡಿದಿರಿ. ಇದೇ ಕಾರಣಕ್ಕೆ ಸಾಲ ಮನ್ನಾ ಆಗುತ್ತಂತೆ ಅನ್ನುವ ಒಂದು ಗಾಳಿಮಾತು ವಾರದೊಳಗೆ ಇಡೀ ಹೋಬಳಿಯ ವಸೂಲಿ ನಿಲ್ಲಿಸಬಲ್ಲದು. ಯಾರ ಕೈಯಲ್ಲೂ ದುಡ್ಡು ಕಮ್ಮಿಯಾಗಿರುವುದಿಲ್ಲ. ಉಳಿದವರು ಕಟ್ಟುವುದಿಲ್ಲ ಅನ್ನುವ ಅಂದಾಜು ಮಾತ್ರ ಬದಲಾಗಿರುತ್ತದೆ. ಆಗಿನ ಆಂಧ್ರಪ್ರದೇಶದಲ್ಲಿ 2010ರ ಅಕ್ಟೋಬರ್‌ನಲ್ಲಿ ಮೈಕ್ರೋಫೈನಾನ್ಸ್ ಮೇಲೆ ಸುಗ್ರೀವಾಜ್ಞೆ ಬಂದ ಮೇಲೆ ಕಂಡಿದ್ದು ಇಂಥ ಕುಸಿತವನ್ನೇ. ಅದಕ್ಕೂ ಮೊದಲು ಒಬ್ಬೊಬ್ಬರಿಗೆ ಹಲವು ಕಂಪನಿಗಳ ಸಾಲ, ಒರಟು ವಸೂಲಿ, ಆತ್ಮಹತ್ಯೆಯ ಸುದ್ದಿಗಳು ಬಂದಿದ್ದವು.

ನಮ್ಮ ರಾಜ್ಯಕ್ಕೂ ಆ ದಿನ ಬಂತು. 2025ರ ಶುರುವಿನಲ್ಲಿ ಹಲವು ಜಿಲ್ಲೆಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಓದಿದೆವು. ಫೆಬ್ರವರಿ 12ರಂದು ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲೂ ಕಡಿವಾಣ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಕಾಡುವಂತಿಲ್ಲ. ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಆದಾಯದ ಅರ್ಧ ದಾಟುವಂತಿಲ್ಲ.

ಈ ಎಲ್ಲ ನಿಯಮಗಳು ಕಂಪನಿಯ ಕೈ ಕಟ್ಟುತ್ತವೆ. ಆದರೆ ಗುಂಪು ಸಾಲದಲ್ಲಿ ಬಾಗಿಲಿಗೆ ಬರುವವರು ಯಾವಾಗಲೂ ಕಂಪನಿಯವರೇ ಆಗಿರುವುದಿಲ್ಲ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ. ನನಗೆ ಗೊತ್ತಿರುವ ಒಂದು ಮನೆಯ ಮುಂದೆ, ಗಂಡ ಆಸ್ಪತ್ರೆಯಲ್ಲಿದ್ದ ದಿನ, ಗುಂಪಿನ ಉಳಿದವರು ಮಧ್ಯಾಹ್ನದವರೆಗೆ ಕೂತಿದ್ದರು. “ನಿನ್ನ ಕಂತು ಬರೋವರೆಗೂ ನಮ್ಮನ್ನ ಮನೆಗೆ ಬಿಡಲ್ಲ ಅಂದಾರೆ ಕಣಕ್ಕ, ನಾವೇನ್ ಮಾಡಾಣ” ಅಂತ ಅವರೂ ಅಳುತ್ತಿದ್ದರು. ಕೊನೆಗೆ ಆ ಹೆಂಗಸು ಕಿವಿಯ ಓಲೆ ಅಡವಿಟ್ಟು ಕಂತು ಕಟ್ಟಿದರು. ಕಂಪನಿಯ ಪುಸ್ತಕದಲ್ಲಿ ಆ ವಾರ ಪೂರ್ತಿ ವಸೂಲಿ ಅಂತಲೇ ಬರೆದಿರುತ್ತದೆ.

ಇದನ್ನು ಪಕ್ಕದವರ ಕಣ್ಣು ಅನ್ನಲಾಗದು. ಅಲ್ಲಿ ಕೂತವರಿಗೆಲ್ಲ ನಿಜ ಗೊತ್ತಿತ್ತು. ಗೊತ್ತಿದ್ದೂ ಆ ತಿಳಿವಳಿಕೆಗೆ ಬೆಲೆ ಇಲ್ಲದಂತೆ ಮಾಡಲಾಗಿತ್ತು. ಕಷ್ಟವನ್ನೂ ನೆಪವನ್ನೂ ಬೇರೆ ಮಾಡುವುದರಲ್ಲೇ ಗುಂಪಿನ ಲಾಭ ಇರುವುದು. ಎರಡಕ್ಕೂ ಒಂದೇ ಒತ್ತಡ ಹಾಕಿದರೆ ಸುಳ್ಳು ನಿಲ್ಲಬಹುದು, ಆದರೆ ಓಣಿಯ ವಿಮೆಯೂ ಸತ್ತಿತು. ಮತ್ತೆ ಬಾಕಿಯೂ ನಿಜಕ್ಕೂ ಕಮ್ಮಿಯಾಗಿರುವುದಿಲ್ಲ, ಅಡವಿನ ಅಂಗಡಿಗೆ, ಕೈಸಾಲಕ್ಕೆ, ಇನ್ನೊಂದು ಸಂಘಕ್ಕೆ ಜಾಗ ಬದಲಿಸಿರುತ್ತದೆ. ಒಂದು ಓಣಿಯ ಗುಂಪು ಆರೋಗ್ಯವಾಗಿದೆಯಾ ಅಂತ ತಿಳಿಯಲು ನಾನು ವಸೂಲಿಯ ಅಂಕಿ ಕೇಳುವುದಿಲ್ಲ. ಈ ವಾರದ ಕಂತು ಎಲ್ಲಿಂದ ಬಂತು ಅಂತ ಕೇಳುತ್ತೇನೆ. ಹಾಲಿನಿಂದ, ಹೊಲಿಗೆಯಿಂದ, ಪಕ್ಕದವರ 125ರಿಂದ ಅಂದರೆ ಸರಿ ಇದೆ. ಬುಧವಾರದ ಸಂಘದ ದುಡ್ಡು ತಂದು ಗುರುವಾರದ ಸಂಘಕ್ಕೆ ಕಟ್ಟುತ್ತಿದ್ದರೆ, ವಸೂಲಿ ನೂರಕ್ಕೆ ನೂರಿದ್ದರೂ ಆ ಗುಂಪು ಪ್ರಪಾತದ ಅಂಚಿನಲ್ಲಿದೆ.

ಹೊಣೆ ಮತ್ತು ಕಣ್ಣು ಎರಡನ್ನೂ ಬೇರೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಫಿಲಿಪೈನ್ಸ್‌ನ ಒಂದು ಬ್ಯಾಂಕಿನಲ್ಲಿ ಜಿನೆ ಮತ್ತು ಕಾರ್ಲನ್ ಎಂಬ ಸಂಶೋಧಕರು ಕೆಲವು ಕೇಂದ್ರಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿ ಜಂಟಿ ಹೊಣೆ ತೆಗೆದುಹಾಕಿದರು. ವಾರದ ಮೀಟಿಂಗ್ ಹಾಗೇ ಉಳಿಯಿತು. ಬಾಕಿ ಜಾಸ್ತಿಯಾಗಲಿಲ್ಲ. ಕೋಲ್ಕತ್ತದಲ್ಲಿ ಹೊಣೆ ಒಬ್ಬೊಬ್ಬರದೇ ಆಗಿದ್ದ ಸಾಲದಲ್ಲಿ, ಕೆಲವು ಗುಂಪು ವಾರಕ್ಕೊಮ್ಮೆ, ಕೆಲವು ತಿಂಗಳಿಗೊಮ್ಮೆ ಸೇರುವಂತೆ ಮಾಡಿದರು. ವಾರವಾರ ಸೇರಿದವರು ಮುಂದಿನ ಸಾಲವನ್ನು ಹೆಚ್ಚು ಚೆನ್ನಾಗಿ ತೀರಿಸಿದರು. ಗ್ರಾಮೀಣ ಬ್ಯಾಂಕ್ ಕೂಡ 2000ದ ದಶಕದ ಶುರುವಿನಲ್ಲಿ ಒಬ್ಬರ ಬಾಕಿಗೆ ಇನ್ನೊಬ್ಬರು ಹೊಣೆ ಅನ್ನುವುದನ್ನು ಕೈಬಿಟ್ಟಿತು, ಗುಂಪನ್ನೂ ಮೀಟಿಂಗನ್ನೂ ಬಿಡಲಿಲ್ಲ. ಫಿಲಿಪೈನ್ಸ್‌ನ ಗುಂಪುಗಳು ಮೊದಲೇ ಹೊಣೆಯ ಅಡಿಯಲ್ಲಿ ಸೇರಿದ್ದವು, ಒಬ್ಬರನ್ನೊಬ್ಬರು ನೋಡಿಯೇ ಆರಿಸಿಕೊಂಡಿದ್ದರು ಅನ್ನುವುದನ್ನು ಮರೆಯಬಾರದು. ಆದರೂ ನನಗೆ ಇದರಿಂದ ಒಂದು ಮಾತು ಗಟ್ಟಿಯಾಯಿತು. ಚಾಪೆಯಿಂದ ಆಗುವ ಕೆಲಸವೇ ಜಾಸ್ತಿ, ಹೊಣೆಯ ಸಹಿಯಿಂದ ಆಗುವ ಕೆಲಸ ನಾವು ಅಂದುಕೊಂಡಷ್ಟಿಲ್ಲ.

ಹಾಗಾದರೆ ಹೊಣೆಯನ್ನು ಪೂರ್ತಿ ತೆಗೆಯಬೇಕಾ? ಟಿವಿ ನೋಡಿದವರು ಬಾಯಿಬಿಡಲು ಸ್ವಲ್ಪ ಹೊಣೆ ಬೇಕೇನೋ. ಆದರೆ ಅದಕ್ಕೆ ಒಂದು ಮಿತಿ ಇರಬೇಕು. ಎಷ್ಟು ಮಿತಿ ಅಂತ ನಮ್ಮ ಆಟವೇ ಹೇಳುತ್ತದೆ. ಇಬ್ಬರು ಎಡವಿದ ಗುಂಪಿಗೆ ವಾಪಸ್ ಹೋಗಿ. ಕಂಪನಿ ಮೂವರ ಹತ್ತಿರ ಇಬ್ಬರ ಬಾಕಿಯನ್ನೂ ಕೇಳಿದರೆ ತಲಾ 16,667 ಆಗುತ್ತದೆ. ಅವರು ಕೈಚೆಲ್ಲುತ್ತಾರೆ, ಕಂಪನಿಗೆ ಐವತ್ತು ಸಾವಿರದಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ.

ಅದರ ಬದಲು ಹೀಗೆ ಹೇಳಿದರೆ ಹೇಗೆ? ನೀವು ಒಬ್ಬರ ಬಾಕಿ ಮಾತ್ರ ತುಂಬಿ. ಇನ್ನೊಬ್ಬರದು ನಿಜಕ್ಕೂ ಕಷ್ಟ ಅಂತ ನೀವೇ ಮೀಟಿಂಗಿನಲ್ಲಿ ಎಲ್ಲರ ಎದುರು ಹೇಳಿದರೆ, ಅವರ ಕಂತನ್ನು ನಾವು ಮುಂದಿನ ಬೆಳೆಯವರೆಗೆ ಮುಂದೆ ಹಾಕುತ್ತೇವೆ. ಈಗ ಮೂವರ ಮೇಲೆ ತಲಾ 3,333. ತಮ್ಮದೂ ಸೇರಿ 13,333. ಹೊಸ ಸಾಲದ ಬೆಲೆ 15,000. ಮೂವರೂ ಕಟ್ಟುತ್ತಾರೆ. ಕಂಪನಿಗೆ ಅದೇ ದಿನ ನಲವತ್ತು ಸಾವಿರ ಬರುತ್ತದೆ. ಉಳಿದ ಹತ್ತು ಸಾವಿರ, ಮಳೆ ಆದರೆ, ಮೆಕ್ಕೆಜೋಳ ಮಾರಿದ ಮೇಲೆ.